ಮೂರನೇ ಪ್ಲ್ಯಾನ್ ಇರೋದು ಯಾರಿಗೆ?

ಕಳೆದ ಸೆಮಿಸ್ಟರ್ ಶುರುವಾದಾಗ ನಾವು ಮೂವರು ರೂಮ್‌ಮೇಟ್‌ಗಳು ಹಾಸ್ಟೆಲ್ ಹಿಂದಿನ ರಸ್ತೆಯ ಜಿಮ್‌ಗೆ ಹೋದೆವು. ಗೋಡೆ ಮೇಲೆ ಮೂರು ಪ್ಲ್ಯಾನ್ ಬರೆದಿದ್ದರು. ಸಿಲ್ವರ್, 3 ತಿಂಗಳಿಗೆ 3,000 ರೂಪಾಯಿ. ಗೋಲ್ಡ್, 6 ತಿಂಗಳಿಗೆ 5,400. ಪ್ಲಾಟಿನಂ ಕೂಡ ಅದೇ 6 ತಿಂಗಳು, ಅದೇ ಮೆಷಿನ್, ಜೊತೆಗೆ ಒಂದು ಟೀ ಶರ್ಟು, ಒಂದು ಶೇಕರ್ ಬಾಟಲಿ, ರೇಟು 7,500. "ಟೀ ಶರ್ಟಿಗೆ 2,100 ಯಾವನು ಕೊಡ್ತಾನೆ ಮಗಾ, ಗೋಲ್ಡೇ ಬೆಸ್ಟು" ಅಂತ ಮೂವರೂ ಗೋಲ್ಡ್ ತಗೊಂಡ್ವಿ. ದುಡ್ಡು ಉಳಿಸಿದೆವು ಅನ್ನೋ ಖುಷಿ ಬೇರೆ!

ನಿಜವಾಗಿ ಏನಾಯ್ತು ಅಂದ್ರೆ, ಸಿಲ್ವರ್ ಮತ್ತು ಗೋಲ್ಡ್ ನಡುವೆ ಆರಿಸೋದು ಕಷ್ಟದ ಕೆಲಸ. ಒಂದರಲ್ಲಿ ದುಡ್ಡು ಕಡಿಮೆ, ಇನ್ನೊಂದರಲ್ಲಿ ತಿಂಗಳು ಜಾಸ್ತಿ. ಗೋಲ್ಡ್ ಮತ್ತು ಪ್ಲಾಟಿನಂ ನಡುವೆ ಆರಿಸೋದು ಮಾತ್ರ ಬಲು ಸುಲಭ. ನಮ್ಮ ತಲೆ ಸುಲಭದ ಲೆಕ್ಕ ಮಾಡಿ, ಕಷ್ಟದ್ದನ್ನು ಕೈಬಿಟ್ಟಿತು. ಪ್ಲಾಟಿನಂ ಇರೋದು ಮಾರಾಟಕ್ಕಲ್ಲ, ಪಕ್ಕದ ಗೋಲ್ಡ್ ಚೆನ್ನಾಗಿ ಕಾಣಲಿ ಅಂತ. ಇದಕ್ಕೆ ಡೆಕಾಯ್ ಅಂತಾರೆ.

ಓದಿದವರು ಇದಕ್ಕೆ ಬೀಳಲ್ಲ ಅಂದ್ಕೋಬೇಡಿ. ಡ್ಯಾನ್ ಏರಿಯೆಲಿ ಎಂಐಟಿಯ 100 ವಿದ್ಯಾರ್ಥಿಗಳಿಗೆ ಒಂದು ಪತ್ರಿಕೆಯ ಚಂದಾ ದರ ತೋರಿಸಿದ್ದರು. ವೆಬ್ ಮಾತ್ರ 59 ಡಾಲರ್, ಮುದ್ರಿತ ಪ್ರತಿ ಮಾತ್ರ 125, ಎರಡೂ ಸೇರಿ 125. ಎರಡೂ ಬೇಕು ಅಂದವರು 84 ಜನ. ಮುದ್ರಿತ ಮಾತ್ರ ಅಂದವರು ಸೊನ್ನೆ. ಯಾರಿಗೂ ಬೇಡವಾದ ಆ ಆಯ್ಕೆಯನ್ನು ತೆಗೆದು ಇನ್ನೊಂದು ಗುಂಪಿಗೆ ತೋರಿಸಿದಾಗ 84 ಇದ್ದದ್ದು 32ಕ್ಕೆ ಇಳಿಯಿತು.

ಈಗ ನಮ್ಮ ಕಥೆಗೆ ಬನ್ನಿ. ಮೊದಲ ತಿಂಗಳು 12 ದಿನ ಹೋದೆವು, ಎರಡನೇ ತಿಂಗಳು 8, ಇಂಟರ್ನಲ್ಸ್ ಬಂದ ಮೂರನೇ ತಿಂಗಳು 5. ನಾಲ್ಕನೇ ತಿಂಗಳು ಎರಡೇ ದಿನ. ಆಮೇಲೆ ಎಕ್ಸಾಮು, ಊರು. ಒಟ್ಟು 27 ದಿನ, ಅಂದರೆ ದಿನಕ್ಕೆ 200 ರೂಪಾಯಿ. ಸಿಲ್ವರ್ ತಗೊಂಡಿದ್ರೆ 25 ದಿನಕ್ಕೆ 3,000, ದಿನಕ್ಕೆ 120. ಹೆಚ್ಚಿಗೆ ಕೊಟ್ಟ 2,400ಕ್ಕೆ ನಮಗೆ ಸಿಕ್ಕಿದ್ದು ಎರಡು ದಿನ!

ಜಿಮ್‌ನವರು ಸುಳ್ಳು ಹೇಳಲಿಲ್ಲ, ಬೋರ್ಡಿನ ಒಂದೊಂದು ಅಂಕಿಯೂ ನಿಜ. ಹಾಗಂತ ಇದು ನ್ಯಾಯ ಅಂತ ನಾವು ಒಪ್ಪಲ್ಲ. ಯಾರೂ ಕೊಳ್ಳಬಾರದು ಅಂತಲೇ ಇಟ್ಟ ಪ್ಲ್ಯಾನ್ ಆಯ್ಕೆ ಹೇಗಾಗುತ್ತೆ? ಎಲ್ಲಾ ದುಬಾರಿ ಪ್ಲ್ಯಾನೂ ಡೆಕಾಯ್ ಅಲ್ಲ ಅನ್ನೋದೂ ನಿಜ. ಪರ್ಸನಲ್ ಟ್ರೈನರ್ ಇರುವ ಪ್ಲ್ಯಾನ್ ಬೇಕಾದವರು ಇದ್ದೇ ಇರ್ತಾರೆ. ಅನುಮಾನ ಬಂದರೆ "ಇದನ್ನ ಎಷ್ಟು ಜನ ತಗೊಂಡಿದ್ದಾರೆ ಸರ್?" ಅಂತ ಕೌಂಟರ್‌ನಲ್ಲಿ ಕೇಳಿ ನೋಡಿ.

ಈ ಸಲ ಸೇರೋರು ಬೋರ್ಡಿನ ಮೂರನೇ ಪ್ಲ್ಯಾನನ್ನು ಕೈಯಿಂದ ಮುಚ್ಚಿ, ಉಳಿದ ಎರಡನ್ನೇ ನೋಡಿ. ಆಯ್ಕೆ ಬದಲಾಯಿತಾ? ಹಾಗಾದ್ರೆ ಮೊದಲು ಆರಿಸಿದ್ದು ನೀವಲ್ಲ, ಬೋರ್ಡು. ಆಮೇಲೆ ಕ್ಯಾಲೆಂಡರ್ ತೆಗೆದು, ಎಕ್ಸಾಮು, ರಜೆ ಕಳೆದು ಎಷ್ಟು ದಿನ ನಿಜವಾಗಿ ಹೋಗ್ತೀರಿ ಅಂತ ಎಣಿಸಿ. ನಾವಂತೂ ಈ ಸಲ ಸಿಲ್ವರ್.