ಸೂತ್ರಕ್ಕೆ ಮೊದಲು ಸಮತೋಲನ

A → B → C ಎಂಬ ಅನುಕ್ರಮ ಪ್ರಥಮ ದರ್ಜೆಯ ಕ್ರಿಯೆಗಳನ್ನು ಬೋಧಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತೇವೆ. B ಯ ಸಾರತೆಯ ಸೂತ್ರ ಬರೆದು, ಅದನ್ನು ಅವಕಲಿಸಿ ಸೊನ್ನೆಗೆ ಸಮೀಕರಿಸಿ, t = ln(k₂/k₁)/(k₂ − k₁) ಎಂಬಲ್ಲಿಗೆ ಪಾಠ ಮುಗಿಸುತ್ತೇವೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಹೇಳಬೇಕಾದದ್ದು ಇಷ್ಟೇ: B ಉಂಟಾಗುವ ದರ k₁[A], ಕಳೆದುಹೋಗುವ ದರ k₂[B]. ಆರಂಭದಲ್ಲಿ B ಇಲ್ಲದ್ದರಿಂದ ನಷ್ಟವೂ ಇಲ್ಲ. A ಕರಗಿದಂತೆ ಉತ್ಪತ್ತಿ ತಗ್ಗುತ್ತದೆ, B ಬೆಳೆದಂತೆ ನಷ್ಟ ಏರುತ್ತದೆ. ಎರಡೂ ಸಮವಾದ ಕ್ಷಣವೇ ಗರಿಷ್ಠದ ಕ್ಷಣ. ಆಗ [B]/[A] = k₁/k₂. ಇದಕ್ಕೆ ಕಲನಶಾಸ್ತ್ರ ಬೇಕಿಲ್ಲ.

ಈ ಅನುಪಾತವನ್ನು ಬಿಟ್ಟು ಸೂತ್ರವನ್ನಷ್ಟೇ ಕೊಟ್ಟರೆ ಏನು ತಪ್ಪಿಹೋಗುತ್ತದೆ ನೋಡಿ. k₁ = 0.2, k₂ = 0.1 ಪ್ರತಿ ನಿಮಿಷಕ್ಕೆ ಎಂದಿರಲಿ. ಸಮಯ 6.93 ನಿಮಿಷ. ಎರಡನ್ನೂ ಅದಲುಬದಲು ಮಾಡಿದರೂ ಸಮಯ 6.93 ನಿಮಿಷವೇ! ಆದರೆ ಮೊದಲ ಸಂದರ್ಭದಲ್ಲಿ ಆ ಕ್ಷಣಕ್ಕೆ A ಯ ಕಾಲುಭಾಗ ಉಳಿದು, B ಅರ್ಧಭಾಗ ಇರುತ್ತದೆ. ಎರಡನೆಯದರಲ್ಲಿ A ಅರ್ಧ, B ಕಾಲು. ಅಂದರೆ ಗರಿಷ್ಠದ ಸಮಯವೊಂದೇ ಯಾವ ಹಂತ ವೇಗದ್ದೆಂದು ಹೇಳಲಾರದು. A ಮತ್ತು B ಗಳ ಅನುಪಾತ ಹೇಳುತ್ತದೆ. B ಯ ಬೆಳಕಿನ ಹೀರಿಕೆಯನ್ನಷ್ಟೇ ಅಳೆದು, ಅದು ಎಷ್ಟು ಸಾರತೆಗೆ ಸಮವೆಂದು ತಿಳಿಯದಿದ್ದರೆ ಈ ಗೊಂದಲ ಹಾಗೆಯೇ ಉಳಿಯುತ್ತದೆ. ಈ ಪ್ರಶ್ನೆಯನ್ನು ಪಾಠ ಯೋಜನೆಯ ಮೌಲ್ಯಮಾಪನ ಭಾಗದಲ್ಲಿ ಇಟ್ಟರೆ, ಸೂತ್ರ ಬಾಯಿಪಾಠ ಮಾಡಿದವರು ಯಾರು, ಅರ್ಥ ಮಾಡಿಕೊಂಡವರು ಯಾರು ಎಂಬುದು ತಿಳಿಯುತ್ತದೆ.

ಉದಾಹರಣೆಯೂ ಕಾಲ್ಪನಿಕವಾಗಿರಬೇಕಿಲ್ಲ. ಆಸ್ಪತ್ರೆಗಳ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99m, ಮಾಲಿಬ್ಡಿನಂ-99 ರ ಕ್ಷಯದಿಂದ ದೊರೆಯುತ್ತದೆ. ಇದು ರಾಸಾಯನಿಕ ಕ್ರಿಯೆಯಲ್ಲದಿದ್ದರೂ ಗಣಿತ ಅದೇ. ಅರ್ಧಾಯುಗಳು ಸುಮಾರು 66 ಗಂಟೆ ಮತ್ತು 6 ಗಂಟೆ. ಆದ್ದರಿಂದ ಸ್ಥಿರಾಂಕಗಳು ಗಂಟೆಗೆ 0.0105 ಮತ್ತು 0.1155. ಅವುಗಳ ಅನುಪಾತ 11, ln 11 = 2.40, ವ್ಯತ್ಯಾಸ 0.105. ಭಾಗಿಸಿದರೆ ಸುಮಾರು 23 ಗಂಟೆ. ಜನರೇಟರಿನಿಂದ ಟೆಕ್ನೀಷಿಯಂ ಅನ್ನು ದಿನಕ್ಕೊಮ್ಮೆ ತೊಳೆದು ತೆಗೆಯುವ ರೂಢಿಗೆ ಇದು ಚೆನ್ನಾಗಿ ಹೊಂದುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಬಹುದು: ಹಿಂದಿನ ದಿನದ ಟೆಕ್ನೀಷಿಯಂ ಸ್ವಲ್ಪ ಒಳಗೇ ಉಳಿದಿದ್ದರೆ? ಸೂತ್ರ ಉತ್ತರಿಸದು, ಏಕೆಂದರೆ ಅದು ಆರಂಭದಲ್ಲಿ B ಸೊನ್ನೆ ಎಂದು ಭಾವಿಸಿದೆ. ಸಮತೋಲನ ತಿಳಿದ ವಿದ್ಯಾರ್ಥಿ ಮಾತ್ರ ಉತ್ತರಿಸುತ್ತಾನೆ: ನಷ್ಟ ಮೊದಲೇ ಶುರುವಾಗಿರುವುದರಿಂದ ಎರಡು ದರಗಳು ಬೇಗ ಸಮವಾಗುತ್ತವೆ, ಗರಿಷ್ಠ 23 ಗಂಟೆಗಿಂತ ಮೊದಲೇ ಬರುತ್ತದೆ.