ತಕ್ಕಡಿ ವರ್ಷಕ್ಕೊಮ್ಮೆ ಸರಿಯಾಗಲಿ

ಭದ್ರಾವತಿಯ ಎಂಪಿಎಂ ನಿಂತಿತು. 2023ರ ಜನವರಿಯಲ್ಲಿ ವಿಐಎಸ್ಎಲ್‌ಗೂ ಬೀಗ ಎಂಬ ತೀರ್ಮಾನ ಬಂದಿತ್ತು. ಸಂಬಳ ನಿಂತವರ ಕೈಲಿರೋದು ಪಿಎಫ್, ಗ್ರಾಚ್ಯುಟಿಯ ಗಂಟು ಮಾತ್ರ. ಅದನ್ನು ಹಂಚುವುದು ಹೇಗೆ?

ಎರಡು ವರ್ಷದೊಳಗೆ ಮಗಳ ಮದುವೆಯಿದ್ದರೆ ಆ ಹಣ ಠೇವಣಿಯಲ್ಲೇ ಇರಲಿ. ಹತ್ತು ವರ್ಷದಾಚೆಯ ಖರ್ಚಿನ ಹಣಕ್ಕೆ ಮಾತ್ರ ಷೇರು. ಷೇರು ಬಿದ್ದರೆ ಮೂವತ್ತರ ಮಗ ಸಂಬಳದಲ್ಲಿ ತಡಕೋತಾನೆ. ಅರವತ್ತರ ಅಪ್ಪನಿಗೆ ಅದಾಗದು.

ಅಪ್ಪ 14 ಲಕ್ಷ ಠೇವಣಿಗೆ, 6 ಲಕ್ಷ ಷೇರು ಫಂಡಿಗೆ ಹಾಕಿದರು ಅನ್ನಿ. ನೂರಕ್ಕೆ 30 ಷೇರು. ಠೇವಣಿಯ ಬಡ್ಡಿ ಮನೆಖರ್ಚಿಗಾಯಿತು. ಕೆಲವು ವರ್ಷ ಮುಟ್ಟದೆ ಬಿಟ್ಟದ್ದಕ್ಕೆ ಫಂಡು 12 ಲಕ್ಷವಾಯಿತು. ಖುಷಿಯೇ. ಆದರೆ ಈಗ ನೂರಕ್ಕೆ 46 ಷೇರು! 2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಹಾಗೆ ಅರ್ಧ ಬಿದ್ದರೆ 6 ಲಕ್ಷ ಹೋಯಿತು. ಮೊದಲೇ 4.20 ಲಕ್ಷ ಠೇವಣಿಗೆ ಸರಿಸಿ ಹಳೇ 30ಕ್ಕೆ ತಂದಿದ್ದರೆ ಹೋಗೋದು 3.90 ಲಕ್ಷ.

'ಏರ್ತಿರುವಾಗ ಯಾಕ್ರೀ ತೆಗೀತೀರಿ?' ಅಂತಾರೆ ಶಿವಮೊಗ್ಗದ ಏಜೆಂಟರು. ಏರಿದ್ದಕ್ಕೇ ತೆಗೀಬೇಕು ಸ್ವಾಮಿ. ಬಿದ್ದ ವರ್ಷ ಠೇವಣಿಯಿಂದ ಷೇರಿಗೆ ತುಂಬಬೇಕು. ವರ್ಷಕ್ಕೊಂದೇ ಸಲ ಸಾಕು. ವರ್ಷ ತುಂಬುವ ಮೊದಲೇ ತೆಗೆದರೆ ಎಷ್ಟೋ ಫಂಡುಗಳು ದುಡ್ಡು ಮುರಕೊಳ್ಳುತ್ತವೆ, ತೆರಿಗೆಯೂ ಜಾಸ್ತಿ. ವರ್ಷ ದಾಟಿದ ಮೇಲೆ 1.25 ಲಕ್ಷದವರೆಗಿನ ಲಾಭಕ್ಕೆ ಪ್ರತಿವರ್ಷ ತೆರಿಗೆಯಿಲ್ಲ. ಆ ವಿನಾಯಿತಿ ಮುಂದಿನ ವರ್ಷಕ್ಕೆ ಉಳಿಯೋದಿಲ್ಲ, ತಕ್ಕಡಿಯೂ ತಾನಾಗಿ ಸರಿಯಾಗೋದಿಲ್ಲ.