ಕಿತ್ತೂರಿನ ಹಾಲು ಬೈಲಹೊಂಗಲಕ್ಕೆ ಏಕೆ ಬರಬೇಕು?

ಹಾಲು ಉತ್ಪಾದಕ ಅಕ್ಕಂದಿರೇ,

ಕಿತ್ತೂರು ಕಡೆಯ ಹಳ್ಳಿಗಳಿಗೆ ದನ ನೋಡಲು ಹೋದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತೀರಿ: "ಡಾಕ್ಟ್ರೇ, ಹೆದ್ದಾರಿ ನಮ್ಮ ಬಾಗಿಲಲ್ಲೇ ಐತಿ. ನಮ್ಮ ಹಾಲು ನೆಟ್ಟಗೆ ಬೆಳಗಾವಿಗೆ ಹೋಗೂದು ಬಿಟ್ಟು ಬೈಲಹೊಂಗಲ ಸುತ್ತಿ ಯಾಕ ಹೋಗಬೇಕು?" ಪ್ರಶ್ನೆ ನ್ಯಾಯವಾದದ್ದು. ಉತ್ತರ ಬೇಕೆಂದರೆ ಒಂದು ಊರಿನ ಲೆಕ್ಕ ಸಾಲದು, ನಾಲ್ಕೂ ಊರಿನ ಲೆಕ್ಕ ಕೂಡಿಸಿ ನೋಡಬೇಕು.

ಕೆಳಗಿನ ಅಂಕಿಗಳು ಒಕ್ಕೂಟದ ಖಾತೆಯವಲ್ಲ. ಲೆಕ್ಕ ತಿಳಿಯಲೆಂದು ನಾನು ದುಂಡಗೆ ಹಿಡಿದವು. ದಿನಕ್ಕೆ ಬೈಲಹೊಂಗಲದಿಂದ 4,000 ಲೀಟರ್, ಕಿತ್ತೂರಿನಿಂದ 2,500, ಸವದತ್ತಿಯಿಂದ 2,000, ರಾಮದುರ್ಗದಿಂದ 1,500, ಒಟ್ಟು 10,000 ಲೀಟರ್ ಎಂದಿಟ್ಟುಕೊಳ್ಳಿ. ಬೆಳಗಾವಿ ಡೈರಿ ಬೈಲಹೊಂಗಲಕ್ಕೆ 45 ಕಿ.ಮೀ., ಕಿತ್ತೂರಿಗೆ 50, ಸವದತ್ತಿಗೆ 85, ರಾಮದುರ್ಗಕ್ಕೆ 110 ಎನ್ನೋಣ. ಸಣ್ಣ ಟ್ಯಾಂಕರಿಗೆ ಕಿ.ಮೀ.ಗೆ 25 ರೂಪಾಯಿ ಬಾಡಿಗೆ.

ಮೊದಲು ನೇರ ದಾರಿ. ಪ್ರತಿ ಊರಿನಿಂದ ಒಂದೊಂದು ಟ್ಯಾಂಕರ್ ಹೋಗಿ ಬಂದರೆ ಒಟ್ಟು 580 ಕಿ.ಮೀ., ಖರ್ಚು 14,500 ರೂಪಾಯಿ.

ಈಗ ಕೂಡು ಕೇಂದ್ರದ ದಾರಿ. ಮೂರು ಊರಿನ ಹಾಲು ಬೈಲಹೊಂಗಲಕ್ಕೆ ಬಂದು, ಅಲ್ಲಿಂದ ಒಂದೇ ದೊಡ್ಡ ಟ್ಯಾಂಕರಿನಲ್ಲಿ ಬೆಳಗಾವಿಗೆ ಹೋಗುತ್ತದೆ. ಬೈಲಹೊಂಗಲಕ್ಕೆ ಕಿತ್ತೂರು 25 ಕಿ.ಮೀ., ಸವದತ್ತಿ 40, ರಾಮದುರ್ಗ 75. ಹೋಗಿ ಬರಲು 280 ಕಿ.ಮೀ., ಅದಕ್ಕೆ 7,000 ರೂಪಾಯಿ. ದೊಡ್ಡ ಟ್ಯಾಂಕರಿಗೆ ಕಿ.ಮೀ.ಗೆ 40 ರೂಪಾಯಿಯಂತೆ 90 ಕಿ.ಮೀ.ಗೆ 3,600. ಹೊರಗಿನಿಂದ ಬಂದ 6,000 ಲೀಟರ್ ಇಳಿಸಿ, ಪರೀಕ್ಷಿಸಿ, ತಂಪು ಮಾಡಲು ಲೀಟರಿಗೆ 40 ಪೈಸೆಯಂತೆ 2,400. ಎಲ್ಲ ಸೇರಿ 13,000. ದಿನಕ್ಕೆ 1,500 ರೂಪಾಯಿ, ಅಂದರೆ ಲೀಟರಿಗೆ 15 ಪೈಸೆ ಉಳಿತಾಯ.

ಆದರೆ ಕಿತ್ತೂರಿನದನ್ನಷ್ಟೇ ತೆಗೆದು ನೋಡಿ. ನೇರವಾಗಿ ಹೋದರೆ 2,500 ರೂಪಾಯಿ. ಬೈಲಹೊಂಗಲದ ಮೂಲಕ ಹೋದರೆ ಸಣ್ಣ ಟ್ಯಾಂಕರಿಗೆ 1,250, ತಂಪು ಮಾಡಲು 1,000, ದೊಡ್ಡ ಟ್ಯಾಂಕರಿನ ಬಾಡಿಗೆಯಲ್ಲಿ ಲೀಟರಿಗೆ 36 ಪೈಸೆಯ ಪಾಲು 900, ಒಟ್ಟು 3,150. ಕಿತ್ತೂರಿನ ಅಕ್ಕಂದಿರ ಮಾತು ನಿಜವೇ ಆಯಿತು, ಅವರ ಹಾಲಿಗೆ 650 ರೂಪಾಯಿ ಹೆಚ್ಚು.

ಹಾಗಾದರೆ ಕಿತ್ತೂರನ್ನು ಬಿಡೋಣವೇ? ಬಿಟ್ಟರೆ ಉಳಿಯುವುದು 1,250 ಮತ್ತು 1,000, ಕೂಡಿ 2,250 ಮಾತ್ರ. ದೊಡ್ಡ ಟ್ಯಾಂಕರ್ ಹೇಗೂ ಹೋಗಲೇಬೇಕು, ಅದರ ಬಾಡಿಗೆ ಇಳಿಯುವುದಿಲ್ಲ. ನೇರ ಟ್ಯಾಂಕರಿಗೆ ಹೊಸದಾಗಿ 2,500 ಕೊಡಬೇಕು. ಒಟ್ಟು ಖರ್ಚು 13,250ಕ್ಕೆ ಏರುತ್ತದೆ. ಕಿತ್ತೂರು ತನ್ನ ಪಾಲಿನ 900 ಹೊತ್ತುಕೊಂಡು ಹೊರಟರೆ, ಅದು ಉಳಿದ ಮೂರು ಊರಿನ ತಲೆಯ ಮೇಲೆ ಬೀಳುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹಾಲು ಬೈಲಹೊಂಗಲದಲ್ಲೇ ಕೂಡಲಿ, ಆದರೆ ಸಾಗಣೆಯ ಖರ್ಚನ್ನು ಊರೂರಿಗೆ ಬೇರೆ ಹಚ್ಚದೆ ಎಲ್ಲ ಲೀಟರಿಗೂ ಒಂದೇ ದರದಲ್ಲಿ ಹಾಕಬೇಕು. ಆಗ ಕಿತ್ತೂರಿಗೂ ರಾಮದುರ್ಗಕ್ಕೂ ಲೀಟರಿಗೆ 1 ರೂಪಾಯಿ 30 ಪೈಸೆಯೇ ಬೀಳುತ್ತದೆ. ಹೀಗೂ ಕಿತ್ತೂರಿನ ಪಾಲು ಒಟ್ಟು 3,250 ಆಗುತ್ತದೆ, ನೇರ ದಾರಿಗಿಂತ ಹೆಚ್ಚೇ. ಆದರೆ ನೇರ ದಾರಿಯಲ್ಲೂ ನಾಲ್ಕೂ ಊರಿಗೆ ಒಂದೇ ದರ ಹಾಕಿದರೆ ಲೀಟರಿಗೆ 1 ರೂಪಾಯಿ 45 ಪೈಸೆ ಆಗುತ್ತಿತ್ತು. ಒಂದೇ ದರ ಎಂದು ಒಪ್ಪಿದ ಮೇಲೆ ಕೂಡು ಕೇಂದ್ರದಲ್ಲಿ ಕಿತ್ತೂರಿಗೂ ಲಾಭವೇ.

ಈ ಮಾತಿಗೆ ಒಂದು ಮಿತಿ ಇದೆ. ಸುಗ್ಗಿಯಂತೆ ಹಾಲು ಹೆಚ್ಚಿ ದೊಡ್ಡ ಟ್ಯಾಂಕರ್ ತುಂಬಿ, ಎರಡನೆಯದು ಬೇಕಾದರೆ ಲೆಕ್ಕ ತಿರುಗುತ್ತದೆ. ಎರಡನೆಯದಕ್ಕೆ ಕೊಡುವ ಹಣ ಉಳಿಸಲು ಆಗ ಕಿತ್ತೂರಿನ ಹಾಲು ನೇರ ಹೋಗುವುದೇ ಸರಿ. ಹಾಲಿನ ಪ್ರಮಾಣ ಬದಲಾದಾಗ ಈ ಲೆಕ್ಕವನ್ನು ಮತ್ತೆ ಹಾಕಬೇಕು.

ಇನ್ನೊಂದು ಖರ್ಚು ಈ ಪಟ್ಟಿಯಲ್ಲಿಲ್ಲ, ಅದು ನನ್ನ ಕೆಲಸಕ್ಕೆ ಸೇರಿದ್ದು. ನೇರ ಟ್ಯಾಂಕರಿನಲ್ಲಿ ಕೆಟ್ಟ ಹಾಲು ಸೇರಿದರೆ ಒಂದೂರಿನ ಹಾಲು ಹೋಗುತ್ತದೆ, ಕೂಡು ಟ್ಯಾಂಕರಿನಲ್ಲಿ ನಾಲ್ಕೂರಿನದು ಹೋಗುತ್ತದೆ. ಸವದತ್ತಿಯ ಎಲ್ಲಮ್ಮನ ಜಾತ್ರೆಯ ಹುಣ್ಣಿಮೆಯಲ್ಲಿ ದಾರಿ ಕಟ್ಟಿಕೊಂಡು ವಾಹನ ತಡವಾದರೆ ಹಾಲಿನ ಬಿಸಿ ಏರುತ್ತದೆ. ಬೈಲಹೊಂಗಲದಲ್ಲಿ ಪ್ರತಿ ಸಣ್ಣ ಟ್ಯಾಂಕರಿನ ಉಷ್ಣತೆ ನೋಡಿ, ಸ್ವಲ್ಪ ಹಾಲು ಕುದಿಸಿ ಒಡೆಯುವುದೇ ಎಂದು ಪರೀಕ್ಷಿಸಿಯೇ ಕೂಡಿಸಬೇಕು. ಕೂಡಿಸಿದ ಮೇಲೆ ಯಾರ ಹಾಲು ಕೆಟ್ಟಿತೆಂದು ಹಿಡಿಯಲಾಗದು.

ಕುದಿಸಿ ನೋಡಿದರೂ ಸಿಗದ್ದು ಔಷಧದ ಅಂಶ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಎಮ್ಮೆಯ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರಬಹುದು. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ, ಕಾರ್ಯದರ್ಶಿಗೂ ತಿಳಿಸಿ. ಲೀಟರಿಗೆ 15 ಪೈಸೆ ಉಳಿಸಲು ಕೂಡಿದ 10,000 ಲೀಟರನ್ನು ಒಂದು ಎಮ್ಮೆಯ ಹಾಲು ಕೆಡಿಸಿದರೆ, ಆ ಉಳಿತಾಯದ ಹಲವು ದಿನಗಳು ಒಂದೇ ದಿನದಲ್ಲಿ ಹೋಗುತ್ತವೆ.

ಮುಂದಿನ ಸಭೆಯಲ್ಲಿ ನಿಮ್ಮ ಸಂಘದಿಂದ ಎರಡು ಪ್ರಶ್ನೆ ಕೇಳಿ: ದೊಡ್ಡ ಟ್ಯಾಂಕರ್ ದಿನವೂ ಎಷ್ಟು ತುಂಬುತ್ತಿದೆ? ಸಾಗಣೆಯ ಖರ್ಚು ಎಲ್ಲ ಊರಿಗೂ ಒಂದೇ ದರದಲ್ಲಿ ಬೀಳುತ್ತಿದೆಯೇ? ಈ ಎರಡರ ಉತ್ತರ ಸಿಕ್ಕರೆ, ನಿಮ್ಮ ಹಾಲು ಸುತ್ತಿ ಹೋಗುವುದು ಸರಿಯೋ ತಪ್ಪೋ ಎಂದು ನೀವೇ ಹೇಳಬಲ್ಲಿರಿ.

ಪಶುವೈದ್ಯಾಧಿಕಾರಿ